ಗ್ರಾಹಕರ ಉತ್ತರಕ್ಕೆ ಕಾದಿರುವ ಕೆಲಸವನ್ನು ನಮ್ಮ ಪಟ್ಟಿಯಲ್ಲಿ ಎಲ್ಲಿಡಬೇಕು?

ಪ್ರಶ್ನೆ: ನಾನು ದಾವಣಗೆರೆಯ ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ದಿನವೂ ಬೆಳಿಗ್ಗೆ ಮೊಬೈಲಿನಲ್ಲಿ ಕೆಲಸಗಳ ಪಟ್ಟಿ ತೆರೆದರೆ ಅರ್ಧಕ್ಕಿಂತ ಹೆಚ್ಚು ಸಾಲುಗಳು ‘ಪಾರ್ಟಿ ಬಿಲ್ ಕಳಿಸಬೇಕು’, ‘ಪಾರ್ಟಿ ಹೇಳಬೇಕು’ ಎಂಬಂಥವೇ ಆಗಿರುತ್ತವೆ. ಅವನ್ನು ತೆಗೆದುಹಾಕಿದರೆ ಮರೆತುಹೋಗುತ್ತವೆ. ಇಟ್ಟುಕೊಂಡರೆ ನಾನೇ ಮಾಡಬೇಕಾದ ಕೆಲಸ ಅವುಗಳ ನಡುವೆ ಕಾಣುವುದಿಲ್ಲ. ಏನು ಮಾಡಬೇಕು?

ಉತ್ತರ: ಗ್ರಾಹಕರ ದೂರುಗಳನ್ನು ನಿರ್ವಹಿಸುವ Zendesk ಮುಂತಾದ ವ್ಯವಸ್ಥೆಗಳು ಈ ತೊಂದರೆಯನ್ನು ಹೇಗೆ ಬಿಡಿಸಿವೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು. ಅಲ್ಲಿ ಸಿಬ್ಬಂದಿಯು ಗ್ರಾಹಕರಿಗೆ ಏನನ್ನಾದರೂ ಕೇಳಿ ಬರೆದ ಮೇಲೆ ಆ ಕಡತವನ್ನು Pending ಸ್ಥಿತಿಗೆ ತರುತ್ತಾರೆ. ಗ್ರಾಹಕರು ಉತ್ತರಿಸಿದೊಡನೆ ಅದು ತಾನಾಗಿಯೇ Open ಆಗಿ ಮರಳುತ್ತದೆ. ಉತ್ತರ ಬಾರದಿದ್ದರೆ ಇಂತಿಷ್ಟು ದಿನಗಳ ಬಳಿಕ ನೆನಪೋಲೆ ಹೋಗುವಂತೆ ಗಡುವನ್ನೂ ಕಟ್ಟಿಡಬಹುದು. ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ, ಕಡತವು ಕಣ್ಣೆದುರಿಗೆ ಬಂದೇ ಬರುತ್ತದೆ ಎಂಬ ಭರವಸೆಯಿಂದಲೇ ಸಿಬ್ಬಂದಿಯು ಅದನ್ನು ನಿಶ್ಚಿಂತೆಯಿಂದ ಬದಿಗಿಡುತ್ತಾರೆ. ನಿಮ್ಮ ಮೊಬೈಲಿನ ಪಟ್ಟಿಗೆ ಇವೆರಡೂ ಇಲ್ಲ. ಉತ್ತರ ಬರುವುದು ವಾಟ್ಸ್‌ಆ್ಯಪ್‌ಗೆ, ಇಲ್ಲವೇ ಅಂಗಡಿಯ ಹುಡುಗನ ಕೈಯಲ್ಲಿ. ಪಟ್ಟಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಆದ್ದರಿಂದಲೇ ಮನಸ್ಸು ಆ ಸಾಲುಗಳನ್ನು ಕಣ್ಣಿಂದ ಮರೆಯಾಗಲು ಬಿಡುವುದಿಲ್ಲ.

ಇದಕ್ಕೆ ಪರಿಹಾರವೆಂದರೆ, ಕೇಳಿದ ಕ್ಷಣದಲ್ಲೇ ಎರಡು ವಿಷಯಗಳನ್ನು ನಿರ್ಧರಿಸಿ ಬರೆದುಕೊಳ್ಳುವುದು: ಉತ್ತರ ಬಾರದಿದ್ದರೆ ನಾನು ಯಾವ ದಿನ ಕೈಹಾಕುತ್ತೇನೆ, ಮತ್ತು ಆ ದಿನ ಏನು ಮಾಡುತ್ತೇನೆ. ಆ ದಿನದವರೆಗೆ ಆ ಸಾಲು ಕಾಣಬೇಕಾಗಿಲ್ಲ. ಕಂಡ ದಿನ ಅದು ‘ಪಾರ್ಟಿ ಬಿಲ್ ಕಳಿಸಬೇಕು’ ಎಂದಿರದೆ ‘ಪಾರ್ಟಿಗೆ ಫೋನ್ ಮಾಡಬೇಕು’ ಎಂದು ನಿಮ್ಮದೇ ಕೆಲಸವಾಗಿ ಕಾಣಬೇಕು.

ಅಶೋಕ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ, ಅದು ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತದೆ ಎಂದು ಇಟ್ಟುಕೊಳ್ಳೋಣ. ಸೆಪ್ಟೆಂಬರ್ ತಿಂಗಳ ಮಾರಾಟದ ವಿವರವಾದ ಜಿಎಸ್‌ಟಿಆರ್-1ಕ್ಕೆ ಅಕ್ಟೋಬರ್ 11, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ ಅಕ್ಟೋಬರ್ 20 ಕೊನೆಯ ದಿನ. ಮೊದಲನೆಯದನ್ನು ಸಲ್ಲಿಸದೆ ಎರಡನೆಯದನ್ನು ಸಲ್ಲಿಸಲು ಬರುವುದಿಲ್ಲ. 5ನೇ ತಾರೀಖು ನೀವು ಮಾರಾಟದ ಬಿಲ್‌ಗಳನ್ನು ಕೇಳಿದಿರಿ. ಪಟ್ಟಿಯಲ್ಲಿ ಬರೆಯಬೇಕಾದ ಸಾಲು ಹೀಗಿರುತ್ತದೆ: ‘ಹಾರ್ಡ್‌ವೇರ್ ಅಂಗಡಿ, ಸೆಪ್ಟೆಂಬರ್ ಮಾರಾಟದ ಬಿಲ್, 5ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದೆ, 8ಕ್ಕೆ ಫೋನ್.’ 8ನೇ ತಾರೀಖು ಅದು ಎದುರಿಗೆ ಬರುತ್ತದೆ, ನೀವು ಫೋನ್ ಮಾಡುತ್ತೀರಿ, ಮಾಲೀಕರು “ನಾಳೆ ಹುಡುಗನ ಕೈಲಿ ಕಳಿಸ್ತೀನಿ ಬಿಡ್ರಿ” ಎನ್ನುತ್ತಾರೆ. ಈ ಮಾತನ್ನು ಉತ್ತರವೆಂದು ಭಾವಿಸಿ ಸಾಲಿಗೆ ಗೆರೆ ಎಳೆಯುವವರೇ ಹೆಚ್ಚು. ಬಿಲ್ ಬಂದಿಲ್ಲ, ಆದ್ದರಿಂದ ದಿನಾಂಕವು 9ರ ಸಂಜೆಗೆ ಸರಿಯುತ್ತದೆ, ಅಷ್ಟೇ.

9ರ ಸಂಜೆ ವಾಟ್ಸ್‌ಆ್ಯಪ್‌ಗೆ ಬಿಲ್‌ಗಳ ಫೋಟೊಗಳು ಬರುತ್ತವೆ, ಆದರೆ ನಡುವೆ ಬಿಲ್ ಸಂಖ್ಯೆ 118ರಿಂದ 131ರವರೆಗೆ ಇಲ್ಲ. ಪಟ್ಟಿಗಳು ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಇಂಥ ಅರ್ಧ ಉತ್ತರಗಳಿಂದಲೇ. ಒಂದೇ ಸಾಲಿನೊಳಗೆ ಮಾಡಬಹುದಾದ ಕೆಲಸ, ಕಾಯಬೇಕಾದ ಕೆಲಸ ಎರಡೂ ಸೇರಿಕೊಂಡಾಗ ಅದನ್ನು ಮುಗಿಸಲೂ ಆಗದು, ಬದಿಗಿಡಲೂ ಆಗದು. ಅದನ್ನು ಆಗಲೇ ಒಡೆಯಬೇಕು: ‘ಬಂದ ಬಿಲ್‌ಗಳನ್ನು ನಮೂದಿಸುವುದು’ ಇಂದಿನ ಕೆಲಸ, ‘118–131 ಬಿಲ್‌ಗಳು, 10ಕ್ಕೆ ಬೆಳಿಗ್ಗೆ ಫೋನ್’ ಎಂಬುದು ಕಾಯುವ ಸಾಲು. ದೂರು ನಿರ್ವಹಣೆಯ ವ್ಯವಸ್ಥೆಗಳೂ ಇಲ್ಲಿ ಎಡವುತ್ತವೆ; ಗ್ರಾಹಕರು ಬರಿಯ ‘ಓಕೆ ಸಾರ್’ ಎಂದು ಬರೆದರೂ Pending ಇದ್ದದ್ದು Open ಆಗಿಬಿಡುತ್ತದೆ. ಉತ್ತರ ಬಂತೆಂಬುದಕ್ಕೂ ಕೇಳಿದ್ದು ಸಿಕ್ಕಿತೆಂಬುದಕ್ಕೂ ಇರುವ ವ್ಯತ್ಯಾಸವನ್ನು ಮನುಷ್ಯರೇ ನೋಡಿ ಹೇಳಬೇಕು.

ಇನ್ನು ‘ಆ ದಿನ ಏನು ಮಾಡುತ್ತೇನೆ’ ಎಂಬ ಎರಡನೆಯ ಪ್ರಶ್ನೆ. ಮಾರಾಟದ ಬಿಲ್ ಬಾರದಿದ್ದರೆ ನೀವು ಅಂದಾಜಿನ ಮೇಲೆ ಲೆಕ್ಕ ಬರೆಯುವಂತಿಲ್ಲ. ಹಾಗಾಗಿ ಕೊನೆಯ ಹೆಜ್ಜೆಯೆಂದರೆ, 11ರೊಳಗೆ ಬಿಲ್ ಸಿಗದಿದ್ದರೆ ಕೊಳ್ಳುವವರಿಗೆ ತಾವು ಕೊಟ್ಟ ತೆರಿಗೆಯ ಕ್ರೆಡಿಟ್ ಆ ತಿಂಗಳು ಕಾಣುವುದಿಲ್ಲ, 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ ಎಂದು ಮಾಲೀಕರಿಗೇ ಬರವಣಿಗೆಯಲ್ಲಿ ತಿಳಿಸುವುದು. ಆದರೆ ಎಲ್ಲ ಕಾಯುವಿಕೆಯೂ ಹೀಗೆ ಕೆಲಸವನ್ನು ತಡೆಯುವುದಿಲ್ಲ. 14ನೇ ತಾರೀಖು, ಅಂಗಡಿಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿ ತೆರೆದಾಗ ಒಬ್ಬ ಸರಬರಾಜುದಾರರ ಬಿಲ್ ಅದರಲ್ಲಿ ಕಾಣಲಿಲ್ಲವೆನ್ನಿ. ನೀವು ಅಂಗಡಿಯವರಿಗೆ ಹೇಳುತ್ತೀರಿ, ಅವರು ಸರಬರಾಜುದಾರರನ್ನು ಕೇಳುತ್ತಾರೆ. ಆ ಸರಬರಾಜುದಾರರು ಅದನ್ನು ಮುಂದಿನ ವಿವರದಲ್ಲಿ ತೋರಿಸಿದ ಮೇಲೆಯೇ ಕ್ರೆಡಿಟ್ ಮುಂದಿನ 2ಬಿಯಲ್ಲಿ ಬರುತ್ತದೆ. ಆದ್ದರಿಂದ ಯಾರ ಉತ್ತರಕ್ಕೂ ಕಾಯದೆ, ಆ ಕ್ರೆಡಿಟ್ ಬಿಟ್ಟು 20ರೊಳಗೆ 3ಬಿ ಸಲ್ಲಿಸುವುದೇ ದಾರಿ. ಇಂಥ ಸಾಲನ್ನು 3ಬಿ ಕೆಲಸಕ್ಕೆ ಅಂಟಿಸಿಡಬಾರದು. ‘ಮುಂದಿನ ತಿಂಗಳ 14ಕ್ಕೆ ನೋಡು’ ಎಂದು ಬೇರೆಯೇ ಸಾಲಾಗಿ ಇಡಬೇಕು. Zendesk ಇದೇ ಕಾರಣಕ್ಕೆ ಗ್ರಾಹಕರಲ್ಲದ ಮೂರನೆಯವರಿಗಾಗಿ ಕಾಯುವುದನ್ನು Pending ಎನ್ನದೆ On-hold ಎಂದು ಪ್ರತ್ಯೇಕಿಸಿದೆ: ಗ್ರಾಹಕರನ್ನು ಪದೇ ಪದೇ ಕೇಳಿದರೂ ಆ ಕೆಲಸ ಮುಂದುವರಿಯುವುದಿಲ್ಲ.

ಆ್ಯಪ್‌ನಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. Todoist ಬಳಸುವವರು ಕಾಯುವ ಸಾಲುಗಳಿಗೆಲ್ಲ waiting ಎಂಬ ಲೇಬಲ್ ಹಚ್ಚಿ, ಎರಡು ಫಿಲ್ಟರ್ ಮಾಡಿಕೊಂಡರೆ ಸಾಕು:

```
today | overdue
@waiting & no date
```

ಮೊದಲನೆಯದು ದಿನದ ಪಟ್ಟಿ. ಕಾಯುವ ಸಾಲುಗಳು ತಮ್ಮ ದಿನ ಬಂದಾಗ ಮಾತ್ರ ಅದರಲ್ಲಿ ಕಾಣುತ್ತವೆ. ಎರಡನೆಯದು ಸದಾ ಖಾಲಿಯಾಗಿರಬೇಕು. ಅದರಲ್ಲಿ ಏನಾದರೂ ಕಂಡರೆ ಅದು ಎಂದಿಗೂ ಎದುರಿಗೆ ಬಾರದೆ ಉಳಿಯುವ ಸಾಲು ಎಂದರ್ಥ. ನೋಟ್‌ಬುಕ್ಕಿನವರು ಕೊನೆಯ ಪುಟಗಳಲ್ಲಿ ತಾರೀಖಿಗೊಂದು ಗೆರೆ ಹಾಕಿಕೊಂಡರೂ ಇದೇ ಕೆಲಸ ನಡೆಯುತ್ತದೆ. ಎರಡರಲ್ಲಿಯೂ ಒಂದು ಕೊರತೆ ಉಳಿಯುತ್ತದೆ: ಉತ್ತರವು ದಿನಕ್ಕೆ ಮೊದಲೇ ಬಂದರೆ ಪಟ್ಟಿ ಎಚ್ಚರಿಸುವುದಿಲ್ಲ. ಅದಕ್ಕಾಗಿ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ವಾಟ್ಸ್‌ಆ್ಯಪ್ ತೆರೆದು, ಕಾಯುವ ಸಾಲುಗಳ ಹೆಸರುಗಳೊಂದಿಗೆ ತಾಳೆ ನೋಡಬೇಕು. ಶುಭೋದಯದ ಚಿತ್ರಗಳ ನಡುವೆ ಬಿಲ್ ಫೋಟೊ ಹೂತುಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ದಿನಾಂಕ ಇಡುವಾಗ ಊರಿನ ಲೆಕ್ಕವನ್ನೂ ನೋಡಬೇಕಾಗುತ್ತದೆ. ದುಗ್ಗಮ್ಮನ ಜಾತ್ರೆಯ ನಡುವೆ ಮಂಡಿಪೇಟೆಯ ವ್ಯಾಪಾರಿಗೆ ಫೋನ್ ಮಾಡುವುದೆಂದು ಬರೆದಿಟ್ಟರೆ ಆ ಸಾಲು ಸುಮ್ಮನೆ ಮುಂದೆ ಮುಂದೆ ಸರಿಯುತ್ತ ಹೋಗುತ್ತದೆ. ಹಾಗೆಯೇ ಮೊಬೈಲಿಗೆ ಬರುವ ಒಟಿಪಿ ಹೇಳಬೇಕಾದ ಕೆಲಸಕ್ಕೆ ದಿನಾಂಕ ಸಾಲದು, ಗಂಟೆಯೂ ಬೇಕು; ಅದರ ಆಯುಷ್ಯ ಕೆಲವೇ ನಿಮಿಷ, ಆದ್ದರಿಂದ ಮಾಲೀಕರು ಗಲ್ಲಾದ ಮೇಲಿರುವ ಹೊತ್ತನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು.

ಕಾನೂನಿನ ಗಡುವೇ ಇಲ್ಲದ ಕೆಲಸಗಳು ಕೊನೆಗೆ ಉಳಿಯುತ್ತವೆ. ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬೇಕೆಂದು ಹೇಳಿ, ಯಂತ್ರದ ಕೊಟೇಶನ್ ತರುತ್ತೇನೆಂದು ಹೋದವರು ಮತ್ತೆ ಬರುವುದೇ ಇಲ್ಲ. ಎರಡು ಬಾರಿ ಕೇಳಿದ ಮೇಲೆ ಮೂರನೆಯ ಸಲ ಕೇಳುವ ಬದಲು, ‘ಕೊಟೇಶನ್ ಬಾರದ ಕಾರಣ ಈ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ, ತಾವು ಅದನ್ನು ಕಳಿಸಿದ ದಿನ ಮತ್ತೆ ಆರಂಭಿಸುತ್ತೇವೆ’ ಎಂದು ಬರೆದು ಕಳಿಸಿ, ಸಾಲನ್ನು ಪಟ್ಟಿಯಿಂದ ತೆಗೆಯಬಹುದು. ಅವರ ಕಾಗದಗಳು ಅವರ ಹೆಸರಿನ ಫೈಲಿನಲ್ಲಿ ಇದ್ದೇ ಇರುತ್ತವೆ. ವಿಚಿತ್ರವೆಂದರೆ, ಎರಡು ನೆನಪೋಲೆಗಳಿಗೆ ಬಾರದ ಉತ್ತರ ಈ ಸಂದೇಶಕ್ಕೆ ಅನೇಕ ಸಲ ಅಂದೇ ಬರುತ್ತದೆ.