ಟಿಎಂಎಸ್ ಕೊಠಡಿಯಲ್ಲಿ ಮೊದಲು ಅಳೆಯಬೇಕಾದದ್ದು

ಕಾಂತೀಯ ಪಲ್ಸ್‌ನಿಂದ ಮಿದುಳನ್ನು ತಲೆಯ ಹೊರಗಿನಿಂದಲೇ ಪ್ರಚೋದಿಸುವ ವಿಧಾನವೇ ಟಿಎಂಎಸ್. ಇದು ಸಾಧ್ಯವೆಂದು 1985ರಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಶೆಫೀಲ್ಡ್‌ನಲ್ಲಿ ತೋರಿಸಿದರು. ನೆತ್ತಿಯ ಪಕ್ಕದಲ್ಲಿ ತಂತಿ ಸುರುಳಿಯ ಕಾಯಿಲ್ ಹಿಡಿದರೆ ಕೈ ಅದುರುತ್ತಿತ್ತು. ಖಿನ್ನತೆಯ ಪ್ರಯೋಗಗಳು ಶುರುವಾದದ್ದು ತೊಂಬತ್ತರ ದಶಕದಲ್ಲಿ. ಆಗಲೇ ತೊಡಕೂ ಕಾಣಿಸಿಕೊಂಡಿತು. ಪಲ್ಸ್ ಸರಣಿಗಳ ತೀವ್ರತೆ ಹೆಚ್ಚಾಗಿ, ನಡುವಿನ ಬಿಡುವು ಕಡಿಮೆಯಾದಾಗ ಆರೋಗ್ಯವಂತ ಸ್ವಯಂಸೇವಕರಿಗೂ ಫಿಟ್ಸ್ ಬಂತು. 1996ರಲ್ಲಿ ತಜ್ಞರು ಸೇರಿ ಚರ್ಚಿಸಿದ ಸುರಕ್ಷತಾ ಮಿತಿಗಳು 1998ರಲ್ಲಿ ಪ್ರಕಟವಾದವು. ತೀವ್ರತೆಯನ್ನು ಯಂತ್ರದ ಗರಿಷ್ಠ ಶಕ್ತಿಯ ಶೇಕಡಾವಾರಿನಲ್ಲಿ ಅಲ್ಲ, ರೋಗಿಯ ಸ್ವಂತ ಮೋಟರ್ ಥ್ರೆಶೋಲ್ಡ್‌ಗೆ ಹೋಲಿಸಿ ನಿಗದಿಪಡಿಸುವುದು ಆ ಮಿತಿಗಳ ತಳಹದಿ. ಮೈಸೂರಿನಲ್ಲಿ ಹೊಸದಾಗಿ ಸೇವೆ ಆರಂಭಿಸುವವರು ಯಂತ್ರದ ಬೆಲೆಗಿಂತ ಮೊದಲು ಈ ಅಳತೆಯನ್ನು ಮನಸ್ಸಿಟ್ಟು ಕಲಿಯಬೇಕು.

ವಿಶ್ರಾಂತಿಯಲ್ಲಿರುವ ಕೈಯ ಹೆಬ್ಬೆರಳು 10 ಒಂಟಿ ಪಲ್ಸ್‌ಗಳಲ್ಲಿ ಕನಿಷ್ಠ 5ಕ್ಕೆ ಅಲುಗುವ ಅತ್ಯಂತ ಕಡಿಮೆ ತೀವ್ರತೆಯೇ ಥ್ರೆಶೋಲ್ಡ್. ಕಾಯಿಲ್ಲಿನ ಹಿಡಿ ಹಿಂದಕ್ಕೆ, ನಡುರೇಖೆಗೆ ಸುಮಾರು 45 ಡಿಗ್ರಿ ಓರೆಯಾಗಿರಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ತಲೆಯ ಮೇಲೆ ಹೆಬ್ಬೆರಳನ್ನು ಅಲುಗಿಸುವ ಸರಿಯಾದ ಬಿಂದು ಹುಡುಕದೆ ತೀವ್ರತೆಯನ್ನೇ ಏರಿಸುತ್ತ ಹೋಗುವುದು. ಆಗ ಥ್ರೆಶೋಲ್ಡ್ ಸುಳ್ಳಾಗಿ ಹೆಚ್ಚು ಬರುತ್ತದೆ, ಮುಂದಿನ ಪ್ರತಿ ಸೆಷನ್ನೂ ಅತಿಯಾಗುತ್ತದೆ. ಬಿಂದುವನ್ನು ಅರ್ಧ ಸೆಂಟಿಮೀಟರ್‌ನಷ್ಟು ಸರಿಸಿ ನೋಡಿ, ಆಮೇಲೆ ತೀವ್ರತೆ ಮುಟ್ಟಿ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ 44 ವರ್ಷದವರೊಬ್ಬರು ಎಸ್ಸಿಟಲೋಪ್ರಾಮ್ 20 ಮಿ.ಗ್ರಾಂ., ನಂತರ ವೆನ್ಲಾಫ್ಯಾಕ್ಸಿನ್ 225 ಮಿ.ಗ್ರಾಂ., ಎರಡನ್ನೂ ತಲಾ 8 ವಾರ ತಪ್ಪದೆ ನುಂಗಿದ್ದಾರೆ. ಪ್ರಯೋಜನವಾಗಿಲ್ಲ. ಥೈರಾಯ್ಡ್ ಸರಿಯಿದೆ, ಉನ್ಮಾದದ ಇತಿಹಾಸವಿಲ್ಲ. ಇವರು ಟಿಎಂಎಸ್‌ಗೆ ತಕ್ಕವರು. ಇದೇ ಜಾಗದಲ್ಲಿ ಊಟ ಬಿಟ್ಟವರೋ, ಭ್ರಮೆ ಇರುವವರೋ, ಆತ್ಮಹತ್ಯೆಯ ತುರ್ತು ಅಪಾಯದಲ್ಲಿರುವವರೋ ಬಂದರೆ ವಾರಗಟ್ಟಲೆ ಕಾಯುವ ಚಿಕಿತ್ಸೆ ಅವರಿಗೆ ಸಲ್ಲದು, ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ ಬೇಗ ಕೆಲಸ ಮಾಡುತ್ತದೆ.

ಸುರಕ್ಷತಾ ಪ್ರಶ್ನೆಗಳಲ್ಲಿ ಲೋಹ ಮೊದಲು. ತಲೆಯೊಳಗಿನ ಕಾಂತಾಕರ್ಷಕ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ಎಲೆಕ್ಟ್ರೋಡ್ ಇದ್ದರೆ ಟಿಎಂಎಸ್ ಇಲ್ಲ. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆ ಇರುವ ಊರಿನಲ್ಲಿ ಕಿವಿಯ ಬಗ್ಗೆ ಕೇಳುವಾಗ 'ಮಿಷನ್ ಒಳಗಿದೆಯೋ, ಹೊರಗೆ ತೆಗೆಯುವಂಥದ್ದೋ' ಎಂದು ಬಿಡಿಸಿ ಕೇಳಬೇಕು. ಹಿಂದೆ ಫಿಟ್ಸ್, ತಲೆಗೆ ಪೆಟ್ಟು, ಪಾರ್ಶ್ವವಾಯು, ಕುಡಿತ, ಮಾತ್ರೆಗಳು, ನಿದ್ರೆ, ಇವುಗಳನ್ನೂ. ಕಿವಿಗೆ ಇಯರ್‌ಪ್ಲಗ್ ಪ್ರತಿ ಸಲವೂ ಇರಲೇಬೇಕು.

ನಮ್ಮ ಉದಾಹರಣೆಯವರು ಮುಖದ ನರನೋವಿಗೆ ಕಾರ್ಬಮಜಪೀನ್ ತೆಗೆದುಕೊಳ್ಳುತ್ತಿದ್ದರು. ಥ್ರೆಶೋಲ್ಡ್ ಯಂತ್ರದ ಗರಿಷ್ಠ ಶಕ್ತಿಯ ಶೇಕಡಾ 48 ಬಂತು. ಚಿಕಿತ್ಸೆಯ ತೀವ್ರತೆ ಅದರ 120 ಪ್ರತಿಶತ, ಅಂದರೆ 58. ಮೂರನೇ ವಾರ ನೋವು ತಗ್ಗಿತೆಂದು ಅವರೇ ಮಾತ್ರೆ ನಿಲ್ಲಿಸಿದರು. ಆ ಔಷಧ ಥ್ರೆಶೋಲ್ಡನ್ನು ಏರಿಸಿಟ್ಟಿತ್ತು, ಅದು ಈಗ 44ಕ್ಕಿಳಿಯಿತು ಎನ್ನೋಣ. ಯಂತ್ರದಲ್ಲಿ 58 ಹಾಗೇ ಉಳಿದರೆ ಅದು 132 ಪ್ರತಿಶತ. ಮೇಲೆ ಮೂರ್ಛೆ ತಡೆಯುವ ಔಷಧವೂ ದೇಹದಿಂದ ಹೋಗಿದೆ, ರಾತ್ರಿ ಪಾಳಿಯ ನಿದ್ರೆಗೇಡು ಬೇರೆ. ಮತ್ತೆ ಅಳೆದು 53ಕ್ಕೆ ಇಳಿಸಬೇಕು, ಪಾಳಿ ಮುಗಿಸಿ ನೇರ ಬಂದ ದಿನ ಸೆಷನ್ ಕೊಡಬಾರದು. ಪ್ರತಿ ದಿನ ಕುರ್ಚಿಗೆ ಕೂರಿಸುವ ಮುನ್ನ 'ನಿನ್ನೆ ಎಷ್ಟು ಗಂಟೆ ನಿದ್ರೆ, ಯಾವ ಮಾತ್ರೆ ಹೊಸದು, ಯಾವುದು ಬಿಟ್ಟಿರಿ' ಎಂದು ಕೇಳುವುದು ಇದಕ್ಕೇ. ವಾರಕ್ಕೊಮ್ಮೆ ಮರು ಅಳತೆ ಇಟ್ಟುಕೊಂಡರೆ ಒಳ್ಳೆಯದು.

ಚಿಕಿತ್ಸೆಗೆ ಕಾಯಿಲ್ ಇಡುವ ಎಡ ಮುಂಭಾಗದ ಬಿಂದುವನ್ನು ಹೆಬ್ಬೆರಳ ಬಿಂದುವಿನಿಂದ 5 ಸೆಂ.ಮೀ. ಮುಂದೆ ಎಂದು ಗುರುತಿಸುವ ಹಳೆಯ ರೂಢಿ ಎಷ್ಟೋ ತಲೆಗಳಲ್ಲಿ ಗುರಿಗಿಂತ ಹಿಂದೆ ಬೀಳುತ್ತದೆ. ತಲೆಯ ಸುತ್ತಳತೆ, ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ, ಈ ಮೂರನ್ನು ಟೇಪಿನಲ್ಲಿ ಅಳೆದು 'ಬೀಮ್ ಎಫ್3' ಲೆಕ್ಕದಲ್ಲಿ ಬಿಂದು ಪಡೆಯುವುದು ಮೇಲು. ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಪಡೆದ ಕ್ರಮದಲ್ಲಿ ಸೆಕೆಂಡಿಗೆ 10 ಪಲ್ಸ್, 4 ಸೆಕೆಂಡ್ ನಡೆದು 26 ಸೆಕೆಂಡ್ ಬಿಡುವು, ಒಟ್ಟು 3000 ಪಲ್ಸ್, 37.5 ನಿಮಿಷ. 2018ರ ದೊಡ್ಡ ಕೆನಡಾ ಅಧ್ಯಯನ ಪಲ್ಸ್‌ಗಳನ್ನು ಸಣ್ಣ ಗೊಂಚಲುಗಳಾಗಿ ಕೊಡುವ ತೀಟಾ ಬರ್ಸ್ಟ್ ಕ್ರಮದಲ್ಲಿ 600 ಪಲ್ಸ್‌ಗಳ ಮೂರು ನಿಮಿಷ ಅದಕ್ಕೆ ಕಡಿಮೆಯಿಲ್ಲವೆಂದು ತೋರಿಸಿತು. ಮಂಡ್ಯದಿಂದ ಬಸ್ಸಿನಲ್ಲಿ ವಾರಕ್ಕೆ 5 ದಿನ, 4ರಿಂದ 6 ವಾರ ಬರುವವರ ಪ್ರಯಾಣ ಇದರಿಂದ ತಗ್ಗದು, ಆದರೆ ಒಂದೇ ಕುರ್ಚಿಯಲ್ಲಿ ಹೆಚ್ಚು ಜನರಿಗೆ ಸಮಯ ಸಿಗುತ್ತದೆ.

ಫಿಟ್ಸ್ ಅಪರೂಪ. ಬಂದರೆ ಪಲ್ಸ್ ನಿಲ್ಲಿಸಿ, ಕಾಯಿಲ್ ಸರಿಸಿ, ಕುರ್ಚಿ ಒರಗಿಸಿ, ಒಂದು ಮಗ್ಗುಲಿಗೆ ತಿರುಗಿಸಿ, ಸಮಯ ಬರೆದಿಡಿ. ಬಾಯಿಗೆ ಏನನ್ನೂ ತುರುಕಬೇಡಿ. ಸಾಮಾನ್ಯವಾಗಿ ಎರಡು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. 5 ನಿಮಿಷ ದಾಟಿದರೆ ಕೊಡಲು ಲೋರಜಪಾಮ್ ಅಥವಾ ಮಿಡಜೊಲಮ್, ಜೊತೆಗೆ ಆಕ್ಸಿಜನ್, ಸಕ್ಷನ್ ಅದೇ ಕೊಠಡಿಯಲ್ಲಿರಬೇಕು, ಅವುಗಳನ್ನು ಬಳಸಬಲ್ಲ ವೈದ್ಯರೂ ಕೂಗಿದರೆ ಕೇಳುವಷ್ಟು ದೂರದಲ್ಲಿರಬೇಕು.