ಕಾಲೇಜಿಗೆ ಬರೆಯುವ ಪತ್ರದಲ್ಲಿ ಪ್ರಿನ್ಸಿಪಾಲರು ಹುಡುಕುವ ಸಾಲು

ಗ್ರೂಮಿಂಗ್ ವರ್ಕ್‌ಶಾಪ್ ಮಾಡ್ತೀವಿ ಅಂತ ನಾನು ಒಂದು ಕಾಲೇಜಿಗೆ ಬರೆದ ಮೊದಲ ಪತ್ರ ಎರಡು ಪುಟ ಇತ್ತು. ಆತ್ಮವಿಶ್ವಾಸ, ವ್ಯಕ್ತಿತ್ವ ವಿಕಸನ, ನಮ್ಮ ಬ್ಯೂಟಿ ಸ್ಟುಡಿಯೋದ ಸಾಧನೆ, ಎಲ್ಲ ತುಂಬಿದ್ದೆ. ಉತ್ತರ ಬರಲಿಲ್ಲ. ಹದಿನೈದು ದಿನ ಕಾದು ನಾನೇ ಹೋದೆ. ಪ್ರಿನ್ಸಿಪಾಲರು ಕೇಳಿದ್ದು ಒಂದೇ: "ಇದೆಲ್ಲ ಸರಿ ಮೇಡಂ, ಯಾವುದಾದ್ರೂ ಹುಡುಗಿ ಮುಖ ಕೆಂಪಾಗಿ ಮನೆಗೆ ಹೋದ್ರೆ ಅವರಪ್ಪ ಫೋನ್ ಮಾಡೋದು ನಿಮಗಾ, ನನಗಾ?"

ಎರಡು ಪುಟದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ಎರಡನೇ ಪತ್ರ ಒಂದೇ ಪುಟ. ಮೊದಲ ಸಾಲಲ್ಲೇ ಕೇಳೋದನ್ನ ಕೇಳಿಬಿಟ್ಟೆ: "ಅಂತಿಮ ವರ್ಷದ 40 ವಿದ್ಯಾರ್ಥಿನಿಯರಿಗೆ, ಸಂದರ್ಶನಕ್ಕೆ ತಯಾರಾಗುವ ಬಗ್ಗೆ, 90 ನಿಮಿಷದ ವರ್ಕ್‌ಶಾಪ್ ನಡೆಸಲು ಅನುಮತಿ ಕೋರುತ್ತೇನೆ." ಅದರ ಕೆಳಗೆ ಅವರ ಪ್ರಶ್ನೆಗೆ ಉತ್ತರ: "ಯಾವ ವಿದ್ಯಾರ್ಥಿನಿಯ ಚರ್ಮಕ್ಕೂ ನಾವು ಏನನ್ನೂ ಹಚ್ಚುವುದಿಲ್ಲ. ತೋರಿಸುವುದೆಲ್ಲ ನಮ್ಮ ಸಹಾಯಕಿಯ ಮೇಲೆ."

ಇದು ಸುಮ್ನೆ ಧೈರ್ಯ ಹೇಳೋ ಮಾತಲ್ಲ. ಹೊಸ ಕ್ರೀಮ್ ಒಗ್ಗುತ್ತೋ ಇಲ್ವೋ ನೋಡೋಕೆ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕಾಯಬೇಕು. ಅಲರ್ಜಿಯಾದರೆ ಉರಿ, ತುರಿಕೆ ಕಾಣಿಸಿಕೊಳ್ಳೋಕೆ ಒಂದೆರಡು ದಿನ ಹಿಡಿಯಬಹುದು, ಹಾಗಾಗಿ ವರ್ಕ್‌ಶಾಪ್ ದಿನ ಬೆಳಗ್ಗೆ ಪ್ಯಾಚ್ ಟೆಸ್ಟ್ ಮಾಡಿದ್ದೀವಿ ಅನ್ನೋದಕ್ಕೆ ಅರ್ಥವೇ ಇಲ್ಲ. ಜೊತೆಗೆ ಒಂದೇ ಕಾಡಿಗೆ, ಒಂದೇ ಲಿಪ್‌ಸ್ಟಿಕ್ ಕೈಯಿಂದ ಕೈಗೆ ಹೋದರೆ ಕಣ್ಣಿನ ಸೋಂಕು, ತುಟಿ ಮೇಲಿನ ಗುಳ್ಳೆ ಕೂಡ ಅದರ ಜೊತೆಗೇ ಹೋಗಬಹುದು. ಹಾಗಾದರೆ ಹುಡುಗಿಯರು ಮಾಡೋದೇನು? ಅವರವರ ಬಾಚಣಿಗೆ, ನೇಲ್ ಕಟರ್ ತರ್ತಾರೆ. ಕೂದಲು ಕಟ್ಟೋದು, ಉಗುರು ತಿದ್ದೋದು, ಇಸ್ತ್ರಿ ಬಟ್ಟೆ ಮಡಚಿಡೋದು ಅವರೇ ಮಾಡಿ ಕಲಿಯುತ್ತಾರೆ. 90 ನಿಮಿಷಕ್ಕೆ ಇಷ್ಟೇ ಜಾಸ್ತಿ.

ಮೂರನೇ ಪ್ಯಾರಾ ಬರೆಯುವಾಗ ನನ್ನ ಕೈ ತಡೆಯಿತು, ಯಾಕಂದ್ರೆ ಅದು ನಮ್ಮ ವ್ಯಾಪಾರಕ್ಕೇ ಹೊಡೆತ: ಅಂದು ಏನನ್ನೂ ಮಾರುವುದಿಲ್ಲ, ಡಿಸ್ಕೌಂಟ್ ಕೂಪನ್ ಹಂಚುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ, ಕಾಲೇಜಿನ ಮತ್ತು ಆಯಾ ವಿದ್ಯಾರ್ಥಿನಿಯ ಒಪ್ಪಿಗೆ ಇಲ್ಲದೆ ಫೋಟೋ ತೆಗೆಯುವುದಿಲ್ಲ. ಆದರೆ ವರ್ಕ್‌ಶಾಪ್ ಉಚಿತ ಅಂದ ತಕ್ಷಣ ಯಾರಿಗಾದ್ರೂ ಇದರಲ್ಲಿ ಇವರಿಗೇನು ಲಾಭ ಅಂತ ಅನುಮಾನ ಬರುತ್ತೆ, ಅಲ್ವಾ? ಅದಕ್ಕೆ ಲಾಭವನ್ನೂ ಬರೆದೆ. ಬ್ಯಾನರ್ ಮೇಲೆ ಸ್ಟುಡಿಯೋ ಹೆಸರಿರುತ್ತೆ, ಅಷ್ಟೇ. ಬೆಳ್ಳಗಾಗುವ ಮಾತು ಎಲ್ಲೂ ಬರುವುದಿಲ್ಲ ಅಂತಲೂ ಸೇರಿಸಿದೆ.

ಈ ಪತ್ರ ನಾನೇ ಹೋಗಿ ಕೊಟ್ಟೆ. ಪ್ರಿನ್ಸಿಪಾಲರು ಅಲ್ಲೇ ಓದಿ, ಪೆನ್ನಿನಲ್ಲಿ ಒಂದೇ ಪದ ತಿದ್ದಿದರು. 'ವಿದ್ಯಾರ್ಥಿನಿಯರಿಗೆ' ಹೊಡೆದು 'ವಿದ್ಯಾರ್ಥಿಗಳಿಗೆ' ಅಂತ ಬರೆದರು. ಹುಡುಗರ ಶೇವಿಂಗ್ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ರೇಜರ್ ಹಂಚಿಕೊಂಡರೆ ರಕ್ತದಿಂದ ಹೆಪಟೈಟಿಸ್ ಬಿ ಹರಡಬಹುದು, ಆದ್ದರಿಂದ ಶೇವಿಂಗ್ ಬಗ್ಗೆ ಬಾಯಲ್ಲಿ ಮಾತ್ರ ಹೇಳ್ತೀವಿ, ಯಾರ ಕೈಗೂ ಬ್ಲೇಡ್ ಕೊಡಲ್ಲ ಅಂತ ಅಲ್ಲೇ ಕೂತು ಇನ್ನೊಂದು ಸಾಲು ಬರೆದುಕೊಟ್ಟೆ.