ಮೂರು ವಾರ ಮುಂಚಿನ ಮಂಗಳವಾರ

ದಾವಣಗೆರೆಯಲ್ಲಿ ಮೆಕ್ಕೆಜೋಳ ಕೊಂಡು ಗೋದಾಮಿನಲ್ಲಿಟ್ಟ ವ್ಯಾಪಾರಿಗೆ ದಿನ ಕಳೆದಷ್ಟೂ ಖರ್ಚು: ಬಾಡಿಗೆ, ಬಡ್ಡಿ, ಹುಳುವಿನ ಕಾಟ. ಆಪ್ಷನ್, ಅಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕನ್ನು, ಮಾರಿ ಕೂತವರ ಲೆಕ್ಕ ಇದಕ್ಕೆ ತದ್ವಿರುದ್ಧ. ಮಾರುಕಟ್ಟೆ ಅಲ್ಲಾಡದಿದ್ದರೆ, ಮಾರಿದ್ದು ದಿನದಿನಕ್ಕೂ ಅಗ್ಗವಾಗುತ್ತದೆ, ವಾಪಸ್ ಕೊಂಡರೆ ಉಳಿದದ್ದು ಲಾಭ. ಹೀಗಿರುವಾಗ ಕೊನೆಯ ದಿನದವರೆಗೆ ಕಾಯದೆ, ಆಪ್ಷನ್‌ನ ಅವಧಿ ಮುಗಿಯುವ ಎಕ್ಸ್‌ಪೈರಿಗೆ 21 ದಿನ ಇರುವಾಗಲೇ ಎಲ್ಲ ಮುಚ್ಚಿ ಎದ್ದುಬಿಡುವ ರೂಢಿ ಏಕೆ?

ಒಂದು ಲೆಕ್ಕ ಹಾಕೋಣ. ನಿಫ್ಟಿ 25,000ದಲ್ಲಿದೆ, ಮಾರುಕಟ್ಟೆ ಅಂದಾಜಿಸಿರುವ ವಾರ್ಷಿಕ ಏರಿಳಿತ ಶೇ. 13. ಎಕ್ಸ್‌ಪೈರಿಗೆ 45 ದಿನ ಇದೆ. 25,000ಕ್ಕೆ ಕೊಳ್ಳುವ ಹಕ್ಕಾದ ಕಾಲ್ ಮತ್ತು ಮಾರುವ ಹಕ್ಕಾದ ಪುಟ್ ಎರಡನ್ನೂ ಮಾರಿದರೆ, ಅಂದರೆ ಸ್ಟ್ರಾಡಲ್ ಮಾಡಿದರೆ, ಸುಮಾರು 913 ಪಾಯಿಂಟ್ ಪ್ರೀಮಿಯಂ ಬರುತ್ತದೆ. ಈ ಬೆಲೆ ಉಳಿದ ದಿನಗಳ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ನಿಫ್ಟಿ ಅಲ್ಲೇ ನಿಂತಿದ್ದರೆ 21 ದಿನ ಇರುವಾಗ ಅದು 624, 7 ದಿನ ಇರುವಾಗ 360, ಕೊನೆಯ ಒಂದು ದಿನಕ್ಕೆ 136. ಮೊದಲ 24 ದಿನಕ್ಕೆ 289 ಪಾಯಿಂಟ್ ಸಿಕ್ಕಿತು, ಇನ್ನೂ 624 ಮೇಜಿನ ಮೇಲಿದೆ. ಬಿಟ್ಟೇಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ಇನ್ನೊಂದು ಮಗ್ಗುಲು ನೋಡಿ. ನಿಫ್ಟಿ ಒಂದೇ ದಿನ 300 ಪಾಯಿಂಟ್ ಜಿಗಿಯಿತು ಎಂದುಕೊಳ್ಳಿ. 45 ದಿನ ಇರುವಾಗ ಆ ಜಿಗಿತದಿಂದ ಆಗುವ ನಷ್ಟ ಸುಮಾರು 31 ಪಾಯಿಂಟ್. 21 ದಿನ ಇರುವಾಗ 45, 7 ದಿನ ಇರುವಾಗ 77, ಕೊನೆಯ ದಿನ ಸುಮಾರು 170. ಜಿಗಿತ ಅದೇ, ಪೆಟ್ಟು ಮಾತ್ರ ಐದು ಪಟ್ಟಿಗೂ ಹೆಚ್ಚು. ಗಾಮಾ ಎನ್ನುವುದು ಇದನ್ನೇ.

ಇಲ್ಲಿ ಹಲವರು ಎಡವುವ ಒಂದು ಮಾತಿದೆ. ಬೇಗ ಎದ್ದರೆ ಅಪಾಯಕ್ಕೆ ಹೋಲಿಸಿದ ಲಾಭದ ಪ್ರಮಾಣ ಹೆಚ್ಚುತ್ತದೆ ಎಂದು ನಂಬುತ್ತಾರೆ. ಗಣಿತ ಹಾಗೆ ಹೇಳುವುದಿಲ್ಲ. ದಿನ ಕಳೆದಂತೆ ಬೆಲೆ ಇಳಿಯುವ ಸವಕಳಿಯೂ ಗಾಮಾವೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ನಮ್ಮ ಉದಾಹರಣೆಯಲ್ಲಿ ಒಂದು ದಿನದ ಸವಕಳಿಯನ್ನು ಪೂರ್ತಿ ನುಂಗಲು ನಿಫ್ಟಿ ಸುಮಾರು 170 ಪಾಯಿಂಟ್ ಸರಿದರೆ ಸಾಕು, 45 ದಿನ ಉಳಿದಿರಲಿ, 7 ದಿನ ಉಳಿದಿರಲಿ. ಬದಲಾಗುವುದು ಪಣದ ಗಾತ್ರ. ಕೊನೆಯ ವಾರದಲ್ಲಿ ಅದೇ ಲಾಟ್ ಇಟ್ಟುಕೊಂಡವರು ತಮಗೆ ತಿಳಿಯದೆಯೇ ಎರಡೂವರೆ ಪಟ್ಟು ದೊಡ್ಡ ಆಟ ಆಡುತ್ತಿರುತ್ತಾರೆ. 21 ಎಂಬ ಸಂಖ್ಯೆಯಲ್ಲಿ ಮಂತ್ರವೇನಿಲ್ಲ. ಪಣ ಇನ್ನೂ ಒಂದೂವರೆ ಪಟ್ಟಿನ ಒಳಗಿರುವಾಗ ಎದ್ದೇಳಲು ಹಾಕಿಕೊಂಡ ಗೆರೆ ಅದು.

ನಿಫ್ಟಿಯ ತಿಂಗಳ ಎಕ್ಸ್‌ಪೈರಿ ಈಗ ಕೊನೆಯ ಮಂಗಳವಾರ. ಆದ್ದರಿಂದ 21 ದಿನ ಹಿಂದೆ ಹೋದರೂ ಸಿಗುವುದು ಮಂಗಳವಾರವೇ. ಮಾರಿದ ದಿನವೇ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನ ರಜೆಯಿದ್ದರೆ ಹಿಂದಿನ ವ್ಯವಹಾರದ ದಿನ ಮುಗಿಸಿ. ಬೆಳಿಗ್ಗೆ ಮಾರುಕಟ್ಟೆ ತೆರೆದಾಗಿನ ಗಲಾಟೆ ತಣಿಯಲಿ, ಆಮೇಲೆ ಲಿಮಿಟ್ ಆರ್ಡರ್ ಹಾಕಿ. ಮೊದಲು ಹಳೆಯದನ್ನು ಕೊಂಡು ಮುಚ್ಚಿ, ನಂತರ ಮುಂದಿನ ತಿಂಗಳಿನದನ್ನು ಮಾರಿ. ಹೀಗೆ ಮಾಡಿದರೆ ಒತ್ತೆಯಿಟ್ಟ ಮಾರ್ಜಿನ್ ಮೊದಲೇ ಬಿಡುಗಡೆಯಾಗುತ್ತದೆ. ಹೊಸ ಎಕ್ಸ್‌ಪೈರಿಗೆ ಆಗ 49 ಅಥವಾ 56 ದಿನ ಇರುತ್ತದೆ.

ಹೀಗೆ ಹಳೆಯದನ್ನು ಮುಚ್ಚಿ ಮುಂದಿನ ತಿಂಗಳಿಗೆ ಸರಿಯುವ ರೋಲ್‌ನಲ್ಲಿ ದೊಡ್ಡ ತಪ್ಪು ನಷ್ಟದಲ್ಲಿರುವಾಗ ಆಗುತ್ತದೆ. 21 ದಿನ ಉಳಿದಿರುವಾಗ ನಿಫ್ಟಿ 25,900ಕ್ಕೆ ಏರಿದೆ ಎನ್ನಿ. ನಮ್ಮ ಸ್ಟ್ರಾಡಲ್ ಈಗ ಸುಮಾರು 996, ಅಂದರೆ 83 ಪಾಯಿಂಟ್ ನಷ್ಟ. ಅದೇ 25,000ದ ಸ್ಟ್ರಾಡಲನ್ನು 49 ದಿನದ ತಿಂಗಳಿಗೆ ಸರಿಸಿದರೆ ಸುಮಾರು 1,209 ಸಿಗುತ್ತದೆ, 213 ಪಾಯಿಂಟ್ ಕೈಗೆ ಬಂದಂತೆ ಕಾಣುತ್ತದೆ. ಅದು ಲಾಭವಲ್ಲ, ಹೊಸ ಹೊಣೆಗೆ ಸಿಕ್ಕ ಮುಂಗಡ. 83ರ ನಷ್ಟ ಆಗಿಹೋಗಿದೆ. ಸಾಲದ್ದಕ್ಕೆ ಹೊಸ ಸ್ಟ್ರಾಡಲ್ 900 ಪಾಯಿಂಟ್ ಹಿಂದೆ ನಿಂತಿದೆ. ನಿಫ್ಟಿ ಇನ್ನು 100 ಪಾಯಿಂಟ್ ಏರಿದರೆ ಸುಮಾರು 55 ಪಾಯಿಂಟ್ ಹೋಗುತ್ತದೆ. ಮಾರುಕಟ್ಟೆ ಇಳಿಯಲಿ ಎಂದು ಪಂದ್ಯ ಕಟ್ಟಿದಂತಾಯಿತು. 83ನ್ನು ಮುಚ್ಚಿದ ಖಾತೆಯಲ್ಲಿ ಬರೆದು, ಇಂದು ಹೊಸದಾಗಿ ಮಾರುವುದಿದ್ದರೆ ಯಾವ ಸ್ಟ್ರೈಕ್ ಆರಿಸುತ್ತಿದ್ದೆವೋ ಅದನ್ನೇ, ಇಲ್ಲಿ 25,900ನ್ನು, ಮಾರಬೇಕು. ಇಂದು ಹೊಸದಾಗಿ ಮಾರಲು ಮನಸ್ಸಿಲ್ಲದಿದ್ದರೆ ರೋಲ್ ಕೂಡ ಬೇಡ.

ದಿನದ ಗೆರೆ ಸ್ಟಾಪ್‌ಲಾಸ್ ಅಲ್ಲ ಎಂಬುದನ್ನೂ ಹೇಳಬೇಕು. 45 ಮತ್ತು 21ರ ನಡುವೆ ಮಾರುಕಟ್ಟೆ ಕುಸಿದರೆ ಕ್ಯಾಲೆಂಡರ್ ಕಾಪಾಡುವುದಿಲ್ಲ. ನಷ್ಟ ಎಷ್ಟಾದರೆ ಮುಚ್ಚಬೇಕು ಎಂಬುದನ್ನು ಬೇರೆಯಾಗಿಯೇ ಮೊದಲೇ ನಿಗದಿ ಮಾಡಿರಬೇಕು.

ಕಂಪನಿ ಷೇರುಗಳ ಆಪ್ಷನ್‌ಗಳಲ್ಲಿ ಈ ರೂಢಿಯನ್ನು ಹಾಗೇ ನಕಲು ಮಾಡುವುದು ಕಷ್ಟ. 21 ದಿನ ಇರುವಾಗ ಮುಂದಿನ ತಿಂಗಳಿನಲ್ಲಿ ವ್ಯವಹಾರ ತೆಳು, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ದೊಡ್ಡದು. ಕಾಲ್‌ಗೂ ಪುಟ್‌ಗೂ ಎರಡೆರಡು ಸಲ ಆ ಅಂತರ ಕೊಟ್ಟರೆ 24 ದಿನದ ಸವಕಳಿಯ ದೊಡ್ಡ ಪಾಲು ಅಲ್ಲೇ ಕರಗೀತು. ಅಂಥಲ್ಲಿ ರೋಲ್ ಬಿಟ್ಟು ಬರೀ ಮುಚ್ಚಿ, ಹೊಸ ತಿಂಗಳಿನಲ್ಲಿ ವ್ಯವಹಾರ ಕೂಡುವವರೆಗೆ ಕಾಯುವುದು ಮೇಲು. ಎಕ್ಸ್‌ಪೈರಿವರೆಗೆ ಮಾತ್ರ ಹಿಡಿಯಬೇಡಿ: ಅಲ್ಲಿ ಲೆಕ್ಕ ಚುಕ್ತಾ ಆಗುವುದು ಹಣದಲ್ಲಲ್ಲ, ಷೇರಿನಲ್ಲಿ. ಒಂದು ಲಾಟಿನ ಅಷ್ಟೂ ಷೇರು ಕೊಳ್ಳುವ ಅಥವಾ ಕೊಡುವ ಹೊಣೆ ತಲೆಯ ಮೇಲೆ ಬೀಳುತ್ತದೆ.